ಮೂರು ಸಲ ಕೇಳಿದರೂ ಬಾರದ ಬಾಕಿ: ನಾಲ್ಕನೇ ಪತ್ರ ಹೇಗಿರಬೇಕು?

ಪೀಣ್ಯದಲ್ಲಿ ರಟ್ಟಿನ ಪೆಟ್ಟಿಗೆ ತಯಾರಿಸುವ ಒಂದು ಸಣ್ಣ ಕಾರ್ಖಾನೆ ಇದೆ ಎಂದುಕೊಳ್ಳಿ. ತುಮಕೂರಿನ ಕುರುಕಲು ತಿಂಡಿಯ ಕಂಪನಿಯೊಂದಕ್ಕೆ ಮಾರ್ಚ್ 1ರಂದು ಹತ್ತು ಸಾವಿರ ಪೆಟ್ಟಿಗೆ ಕಳಿಸಿದೆ. ಜಿಎಸ್‌ಟಿ ಸೇರಿ ಬಿಲ್ ₹2,50,000. ಏಪ್ರಿಲ್ 10ರಂದು ಕಂಪನಿ ₹50,000 ಜಮಾ ಮಾಡಿ, ಉಳಿದದ್ದನ್ನು ತಿಂಗಳ ಕೊನೆಗೆ ಹಾಕುವುದಾಗಿ ಮೇಲ್ ಕಳಿಸಿತು. ಅಲ್ಲಿಂದ ಮುಂದೆ ಮೌನ. ಮೇ, ಜೂನ್, ಜುಲೈ ಮೊದಲ ವಾರ, ಹೀಗೆ ಮೂರು ಸಲ ನೆನಪಿಸಿದರೂ ಉತ್ತರವಿಲ್ಲ. ಇತ್ತ ಕಾರ್ಖಾನೆಯವರು ಆ ಬಿಲ್ಲಿನ ಜಿಎಸ್‌ಟಿಯನ್ನು ತಮ್ಮ ಕೈಯಿಂದ ಸರ್ಕಾರಕ್ಕೆ ಕಟ್ಟಿಯೂ ಆಗಿದೆ. ಸಣ್ಣ ಉದ್ಯಮಕ್ಕೆ ಇದು ಎರಡು ಕಡೆಯ ಹೊಡೆತ.

ಈಗ ಬರೆಯಬೇಕಾದದ್ದು ಇನ್ನೊಂದು ನೆನಪೋಲೆಯಲ್ಲ, ಡಿಮ್ಯಾಂಡ್ ನೋಟಿಸ್. ನೆನಪೋಲೆಯನ್ನು ಓದುವವರು ಆ ಕಂಪನಿಯ ಅಕೌಂಟ್ಸ್ ವಿಭಾಗದವರು ಮಾತ್ರ. ನೋಟಿಸನ್ನು ನಾಳೆ ಒಬ್ಬ ನ್ಯಾಯಾಧೀಶರೋ ಸರ್ಕಾರಿ ಮಂಡಳಿಯ ಸದಸ್ಯರೋ ಓದಬಹುದು. ಅವರಿಗೆ ಈ ವ್ಯವಹಾರದ ಗಂಧಗಾಳಿ ಇರುವುದಿಲ್ಲ. ಅಂಥವರಿಗೂ ಒಂದೇ ಓದಿಗೆ ಸಾಲ ಯಾವುದು, ಎಷ್ಟು, ಯಾವಾಗಿನಿಂದ ಎನ್ನುವುದು ತಿಳಿಯಬೇಕು. ಪತ್ರದ ಪ್ರತಿ ಸಾಲನ್ನೂ ಅವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆಯಬೇಕು.

ಹೆಚ್ಚಿನ ಪತ್ರಗಳು ವಿಳಾಸದಲ್ಲೇ ಎಡವುತ್ತವೆ. ಆರ್ಡರ್ ಕೊಟ್ಟ ಪರ್ಚೇಸ್ ಮ್ಯಾನೇಜರ್ ಹೆಸರಿಗೆ ಅಥವಾ ತಿಂಡಿಯ ಬ್ರ್ಯಾಂಡ್ ಹೆಸರಿಗೆ ಬರೆದು ಕಳಿಸುವವರಿದ್ದಾರೆ. ಆದರೆ ಸಾಲಗಾರ ಆ ಮ್ಯಾನೇಜರ್ ಅಲ್ಲ, ಬ್ರ್ಯಾಂಡೂ ಅಲ್ಲ. ಬಿಲ್ಲಿನಲ್ಲಿ ಜಿಎಸ್‌ಟಿ ಸಂಖ್ಯೆಯ ಜೊತೆ ಯಾರ ಹೆಸರಿದೆಯೋ ಅವರು. ಪ್ರೈವೇಟ್ ಲಿಮಿಟೆಡ್ ಕಂಪನಿಯಾದರೆ ಅದರ ನೋಂದಾಯಿತ ಕಚೇರಿಗೆ, ನಿರ್ದೇಶಕರ ಗಮನಕ್ಕೆ ಎಂದು ಬರೆಯಬೇಕು. ಆ ವಿಳಾಸ ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಸಿಗುತ್ತದೆ. ಸರಕು ಇಳಿಸಿದ ಗೋದಾಮಿಗೂ ಒಂದು ಪ್ರತಿ ಹೋಗಲಿ.

ಆಮೇಲೆ ನಡೆದದ್ದನ್ನು ತಾರೀಖಿನ ಕ್ರಮದಲ್ಲಿ ಹೇಳಿದರೆ ಸಾಕು. ನಮ್ಮ ಉದಾಹರಣೆಯಲ್ಲಿ ಅದು ಹೀಗಿರಬಹುದು: “ನಿಮ್ಮ ಪರ್ಚೇಸ್ ಆರ್ಡರ್‌ನಂತೆ ಮಾರ್ಚ್ 1ರಂದು 10,000 ರಟ್ಟಿನ ಪೆಟ್ಟಿಗೆಗಳನ್ನು ನಿಮ್ಮ ತುಮಕೂರು ಗೋದಾಮಿಗೆ ತಲುಪಿಸಿದ್ದೇವೆ. ನಿಮ್ಮ ಸಿಬ್ಬಂದಿ ಡೆಲಿವರಿ ಚಲನ್‌ಗೆ ಸಹಿ ಮತ್ತು ಮೊಹರು ಹಾಕಿ ಸರಕು ಪಡೆದಿದ್ದಾರೆ. ಸರಕಿನ ಬಗ್ಗೆ ನಿಮ್ಮಿಂದ ಈವರೆಗೆ ಲಿಖಿತ ಆಕ್ಷೇಪಣೆ ಬಂದಿಲ್ಲ. ಏಪ್ರಿಲ್ 10ರಂದು ₹50,000 ಪಾವತಿಸಿದ್ದೀರಿ. ₹2,00,000 ಬಾಕಿ ಇದೆ.” ಬಂದ ಐವತ್ತು ಸಾವಿರವನ್ನು ಮರೆಯದೆ ನಮೂದಿಸಬೇಕು. ಅದನ್ನು ಬಿಟ್ಟು ಪೂರ್ತಿ ಮೊತ್ತ ಕೇಳಿದರೆ ಉಳಿದ ಲೆಕ್ಕದ ಮೇಲೂ ಅನುಮಾನ ಹುಟ್ಟುತ್ತದೆ.

ಆಕ್ಷೇಪಣೆ ಬಂದಿಲ್ಲ ಎಂಬ ವಾಕ್ಯಕ್ಕೆ ತೂಕವಿದೆ. ನೋಟಿಸ್ ಕೈಸೇರಿದ ಮೇಲೆ ಹಲವು ಕಂಪನಿಗಳಿಗೆ ಇದ್ದಕ್ಕಿದ್ದಂತೆ ಸರಕು ಕಳಪೆ ಎನಿಸತೊಡಗುತ್ತದೆ. 2006ರ ಎಂಎಸ್ಎಂಇ ಕಾಯ್ದೆಯ ಪ್ರಕಾರ, ಸರಕು ತಲುಪಿದ 15 ದಿನಗಳೊಳಗೆ ಲಿಖಿತವಾಗಿ ತಕರಾರು ಎತ್ತದಿದ್ದರೆ ತಲುಪಿದ ದಿನವೇ ಅದನ್ನು ಒಪ್ಪಿಕೊಂಡಂತೆ.

ಇದೇ ಕಾಯ್ದೆ ಪತ್ರಕ್ಕೆ ಬಡ್ಡಿಯ ಬಲವನ್ನೂ ಕೊಡುತ್ತದೆ. ಪರ್ಚೇಸ್ ಆರ್ಡರ್‌ನಲ್ಲಿ 90 ದಿನಗಳ ಗಡುವು ಎಂದು ಬರೆದಿದ್ದರೂ, ಉತ್ಪಾದಿಸುವ ಅಥವಾ ಸೇವೆ ಒದಗಿಸುವ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ 45 ದಿನಗಳೊಳಗೆ ಹಣ ಸಲ್ಲಬೇಕು. ಲಿಖಿತ ಒಪ್ಪಂದವೇ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳಿಗೊಮ್ಮೆ ಅಸಲಿಗೆ ಸೇರುವ ಚಕ್ರಬಡ್ಡಿ. ನಮ್ಮ ಪೆಟ್ಟಿಗೆಗಳ 45 ದಿನ ಮುಗಿದದ್ದು ಏಪ್ರಿಲ್ 15ಕ್ಕೆ. ಬಡ್ಡಿ 16ರಿಂದ ಶುರು. ಬ್ಯಾಂಕ್ ದರ ಶೇ 6 ಎಂದಿಟ್ಟುಕೊಂಡರೆ ಮೂರು ಪಟ್ಟು ಶೇ 18, ಅಂದರೆ ತಿಂಗಳಿಗೆ ಒಂದೂವರೆ. ಮೊದಲ ತಿಂಗಳು ₹3,000, ಎರಡನೆಯದು ₹3,045, ಮೂರನೆಯದು ₹3,091. ಜುಲೈ ಮಧ್ಯದ ಹೊತ್ತಿಗೆ ಒಟ್ಟು ಬೇಡಿಕೆ ₹2,09,136. ನಿಮ್ಮ ಪತ್ರದಲ್ಲಿ ಆಯಾ ಅವಧಿಗೆ ಜಾರಿಯಲ್ಲಿದ್ದ ದರವನ್ನೇ ಹಿಡಿದು ಲೆಕ್ಕ ತೋರಿಸಿ. ಸುಮ್ಮನೆ “ಬಡ್ಡಿ ಸಹಿತ” ಎಂದು ಬರೆದರೆ ಅದಕ್ಕೆ ಯಾರೂ ಹೆದರುವುದಿಲ್ಲ.

ಈ ಹಕ್ಕಿಗೆ ಉದ್ಯಮ್ ನೋಂದಣಿ ಬೇಕು, ಅದೂ ಸರಕು ಕಳಿಸುವ ಮೊದಲೇ ಆಗಿರಬೇಕು. ನೋಂದಣಿಗೆ ಹಿಂದಿನ ಸರಬರಾಜಿಗೆ ಈ ಕಾಯ್ದೆಯ ಲಾಭ ಸಿಗದು ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ. ಕೊಂಡು ಮಾರುವ ವ್ಯಾಪಾರಿಗಳಿಗೆ ನೋಂದಣಿ ಸಿಕ್ಕರೂ ಈ ರಕ್ಷಣೆ ಸಿಗುವುದಿಲ್ಲ. ಹಾಗೆಂದು ಅವರು ಸುಮ್ಮನಿರಬೇಕಿಲ್ಲ. ಗಡುವಾಗಲಿ ಬಡ್ಡಿಯಾಗಲಿ ಲಿಖಿತವಾಗಿ ಗೊತ್ತಾಗಿರದ ಬಾಕಿಗೆ, ಬಡ್ಡಿ ಕೇಳುತ್ತೇವೆಂದು ಲಿಖಿತ ನೋಟಿಸ್ ಕೊಟ್ಟರೆ ಅದರಲ್ಲಿ ಹೇಳಿದ ದಿನದಿಂದ ಬಡ್ಡಿ ಕೊಡಿಸಲು 1978ರ ಬಡ್ಡಿ ಕಾಯ್ದೆ ನ್ಯಾಯಾಲಯಕ್ಕೆ ಅಧಿಕಾರ ನೀಡುತ್ತದೆ. ಅಂಥವರ ಪತ್ರದಲ್ಲಿ ಆ ಒಂದು ವಾಕ್ಯ ಇರಲೇಬೇಕು.

ಕಂಪನಿಯ ಲೆಕ್ಕಪರಿಶೋಧಕರ ಕಣ್ಣಿಗೆ ಬೀಳುವಂಥ ಇನ್ನೊಂದು ಸಂಗತಿಯಿದೆ. ಬಿಲ್ಲಿನ ತಾರೀಖಿನಿಂದ 180 ದಿನಗಳೊಳಗೆ ಹಣ ಕೊಡದಿದ್ದರೆ, ಖರೀದಿದಾರರು ಆ ಬಾಕಿಯ ಮೇಲೆ ಪಡೆದ ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್ ಅನ್ನು ಬಡ್ಡಿ ಸಮೇತ ಹಿಂದಿರುಗಿಸಬೇಕು. ನಮ್ಮ ಉದಾಹರಣೆಯಲ್ಲಿ ಆ ಗಡುವು ಆಗಸ್ಟ್ 28. ಮಾಲೀಕರು ಕಿವಿಗೆ ಹಾಕಿಕೊಳ್ಳದ ಮಾತನ್ನು ಅವರ ಲೆಕ್ಕಪರಿಶೋಧಕರು ಹೇಳುವಂತೆ ಮಾಡುವ ಸಾಲು ಇದು. ನನ್ನ ಪ್ರಕಾರ ಪತ್ರದಲ್ಲಿ ಎಷ್ಟೇ ಖಾರವಾದ ಮಾತಿದ್ದರೂ ಇದರಷ್ಟು ಕೆಲಸ ಮಾಡದು.

ಖಾರದ ಮಾತು ಬೇಡವೆನ್ನಲು ಬೇರೆ ಕಾರಣವೂ ಇದೆ. ಬಾಕಿ ಉಳಿಸಿಕೊಂಡದ್ದಷ್ಟೇ ಅಪರಾಧವಾಗುವುದಿಲ್ಲ. ಅದು ಸಿವಿಲ್ ವ್ಯಾಜ್ಯ. “ಪೊಲೀಸರಿಗೆ ಹಿಡಿದುಕೊಡುತ್ತೇವೆ”, “ನಿಮ್ಮ ಗಿರಾಕಿಗಳಿಗೆಲ್ಲ ತಿಳಿಸುತ್ತೇವೆ” ಎಂದು ಬರೆದರೆ ಬೆದರಿಕೆ, ಮಾನಹಾನಿ ಎಂಬ ಎದುರು ದೂರಿಗೆ ನೀವೇ ದಾಖಲೆ ಒದಗಿಸಿದಂತೆ. ದಿವಾಳಿ ಪ್ರಕ್ರಿಯೆಗೆ ಎಳೆಯುತ್ತೇವೆ ಎನ್ನುವುದೂ ಇಲ್ಲಿ ಪೊಳ್ಳು ಮಾತು, ಏಕೆಂದರೆ ಅದಕ್ಕೆ ಕನಿಷ್ಠ ಒಂದು ಕೋಟಿ ರೂಪಾಯಿ ಬಾಕಿ ಇರಬೇಕು. ನಿಜವಾಗಿ ಮಾಡಲಿರುವುದನ್ನಷ್ಟೇ ಬರೆಯಿರಿ: “ಜುಲೈ 31ರೊಳಗೆ ಈ ಮೊತ್ತ ಕೆಳಗಿನ ಖಾತೆಗೆ ಜಮಾ ಆಗದಿದ್ದರೆ ಎಂಎಸ್ಎಂಇ ಫೆಸಿಲಿಟೇಷನ್ ಕೌನ್ಸಿಲ್‌ಗೆ ಅರ್ಜಿ ಸಲ್ಲಿಸುತ್ತೇವೆ.” ಈ ಕೌನ್ಸಿಲ್ ಮೊದಲು ರಾಜಿಗೆ ಯತ್ನಿಸುತ್ತದೆ, ಆಗದಿದ್ದರೆ ಪಂಚಾಯ್ತಿ ತೀರ್ಪಿಗೆ ಒಯ್ಯುತ್ತದೆ. ಆ ತೀರ್ಪನ್ನು ಪ್ರಶ್ನಿಸಬೇಕಾದರೆ ಕಂಪನಿ ಮೊದಲು ಅದರ ಶೇ 75ರಷ್ಟು ಹಣವನ್ನು ಠೇವಣಿ ಇಡಬೇಕು.

ಪತ್ರವನ್ನು ವಕೀಲರೇ ಬರೆಯಬೇಕೆಂಬ ನಿಯಮವಿಲ್ಲ. ಆದರೆ ಬಿಲ್, ಪರ್ಚೇಸ್ ಆರ್ಡರ್, ಚಲನ್, ಏಪ್ರಿಲ್ 10ರ ಮೇಲ್ ಮತ್ತು ಮೂರೂ ನೆನಪೋಲೆಗಳ ಪ್ರತಿಗಳು ಜೊತೆಗಿರಬೇಕು. ಆ ಮೇಲ್ ಬಹಳ ಬೆಲೆಯುಳ್ಳದ್ದು. ಬಾಕಿ ಇದೆ ಎಂದು ಕಂಪನಿಯೇ ಒಪ್ಪಿದ ಮಾತು ಅದರಲ್ಲಿದೆ. ವಾಟ್ಸ್ಆ್ಯಪ್‌ನಲ್ಲಿ ಅಂಥ ಉತ್ತರವಿದ್ದರೆ ಅಳಿಸಬೇಡಿ, ಫೋನ್ ಬದಲಿಸಿದರೂ ಹಳೆಯದನ್ನು ಇಟ್ಟುಕೊಳ್ಳಿ. ಪತ್ರವನ್ನು ನೋಂದಾಯಿತ ಅಂಚೆಯಲ್ಲಿ ಸ್ವೀಕೃತಿ ಸಮೇತ ಕಳಿಸಿ. 2025ರಲ್ಲಿ ಆ ಸೇವೆ ಸ್ಪೀಡ್ ಪೋಸ್ಟ್ ಜೊತೆ ವಿಲೀನವಾಗಿರುವುದರಿಂದ ಕೌಂಟರಿನಲ್ಲಿ ನೋಂದಣಿ ಬೇಕೆಂದು ಕೇಳಿ ಹಾಕಿಸಬೇಕು. ಅವರು ತೆಗೆದುಕೊಳ್ಳದೆ “ನಿರಾಕರಿಸಲಾಗಿದೆ” ಎಂಬ ಷರಾದೊಂದಿಗೆ ಲಕೋಟೆ ವಾಪಸ್ ಬಂದರೆ ಬೇಸರ ಬೇಡ. ಸರಿಯಾದ ವಿಳಾಸಕ್ಕೆ ಹೋದ ಅಂಥ ಪತ್ರ ತಲುಪಿದಂತೆಯೇ ಎಂದು ನ್ಯಾಯಾಲಯಗಳು ಸಾಮಾನ್ಯವಾಗಿ ಪರಿಗಣಿಸುತ್ತವೆ. ಆ ಲಕೋಟೆಯನ್ನು ಒಡೆಯದೆ ಹಾಗೇ ಎತ್ತಿಡಿ.

ಇಷ್ಟು ಮಾಡಿದ ಮೇಲೆ ಐದನೇ ಪತ್ರ ಬರೆಯುತ್ತಾ ಕೂರಬೇಡಿ. ದಾವೆಗೆ ಇರುವ ಕಾಲಮಿತಿ ಮೂರು ವರ್ಷ. ಸರಕು ತಲುಪಿಸಿದ ದಿನದಿಂದಲೇ ಎಣಿಸಿಕೊಂಡರೆ ಕ್ಷೇಮ. ನೀವು ಎಷ್ಟು ನೋಟಿಸ್ ಕಳಿಸಿದರೂ ಆ ಅವಧಿ ಒಂದು ದಿನವೂ ಹಿಗ್ಗುವುದಿಲ್ಲ. ಜುಲೈ 31 ಕಳೆದ ಮರುವಾರವೇ ಕೌನ್ಸಿಲ್‌ಗೆ ಅರ್ಜಿ ಹಾಕಿ.