‘ಬಹುದು’ ಎಂಬುದನ್ನು ಇಂಗ್ಲಿಷಿಗೆ ಸಾಗಿಸುವುದು

ಹೊರನಾಡಿನಲ್ಲಿ ಓದುವ ನಮ್ಮಂಥವರಿಗೆ ಊರಿನಿಂದ ಬರುವ ಕೋರಿಕೆಗಳಲ್ಲಿ ಇದೂ ಒಂದು. ‘ನಿಂಗೆ ಇಂಗ್ಲಿಷ್ ಚೆನ್ನಾಗಿ ಬರ್ತದಲ್ಲ, ನನ್ನ ಲೇಖನದ ಸಾರಾಂಶ ಒಂದೇ ಪುಟ, ಇಂಗ್ಲಿಷಿಗೆ ಮಾಡಿ ಕಳಿಸು ಮಾರಾಯ’ ಅಂತ. ಲೇಖನವೆಲ್ಲ ಕನ್ನಡದಲ್ಲಿರುತ್ತದೆ, ಸಾರಾಂಶ ಮಾತ್ರ ಇಂಗ್ಲಿಷಿನಲ್ಲೂ ಬೇಕು. ಒಂದು ಪುಟ ತಾನೆ ಅಂತ ಒಪ್ಪಿಕೊಳ್ಳುತ್ತೇವೆ. ಆದರೆ ಕನ್ನಡ ಬಾರದವನು ಆ ಲೇಖನದಲ್ಲಿ ಓದುವುದು ಅದೊಂದೇ ಪುಟವನ್ನು. ಲೇಖಕ ‘ಆಗಬಹುದು’ ಎಂದದ್ದು ನಮ್ಮ ಕೈಯಲ್ಲಿ ‘ಆಗುತ್ತದೆ’ ಎಂದಾದರೆ, ಇನ್ನೊಬ್ಬ ಅದನ್ನೇ ಎತ್ತಿ ಬರೆಯುತ್ತಾನೆ. ಮೂಲಕ್ಕೆ ಹೋಗಿ ನೋಡುವ ದಾರಿ ಅವನಿಗಿಲ್ಲ.

ಇಂಗ್ಲಿಷ್ ವ್ಯಾಕರಣದಲ್ಲಿ ನಾವು ಎಡವುವುದು ಕಡಿಮೆ. ಎಡವುವುದು ಕನ್ನಡ ಕ್ರಿಯಾಪದದ ಬಾಲದಲ್ಲಿ. ವಿಜ್ಞಾನಿಯ ಅಳುಕು, ಅನುಮಾನ, ಧೈರ್ಯ ಎಲ್ಲವೂ ಕನ್ನಡದಲ್ಲಿ ಅಲ್ಲೇ ಕೂತಿರುತ್ತವೆ. ವಾಕ್ಯ ಮುಗಿಯುವ ತನಕ ಹೇಳಿಕೆ ಎಷ್ಟು ಗಟ್ಟಿ ಎಂದು ಗೊತ್ತೇ ಆಗುವುದಿಲ್ಲ.

ಅಭ್ಯಾಸಕ್ಕೆಂದು ನಾನೇ ಒಂದು ಸಾರಾಂಶ ಕಟ್ಟಿದ್ದೇನೆ. ಅಡಿಕೆಯ ಕೊಳೆರೋಗವೂ ಅದಕ್ಕೆ ಹೊಡೆಯುವ ಬೋರ್ಡೋ ದ್ರಾವಣವೂ ನಿಜ. ಅಧ್ಯಯನ, ಅಂಕಿ ಎರಡೂ ಕಲ್ಪಿತ. ಓದಿ:

‘ಮಲೆನಾಡಿನ 12 ಅಡಿಕೆ ತೋಟಗಳನ್ನು ಎರಡು ಮಳೆಗಾಲ ಗಮನಿಸಲಾಯಿತು. ಯಾವಾಗ ಸಿಂಪಡಿಸಬೇಕೆಂಬುದನ್ನು ತೋಟದವರೇ ನಿರ್ಧರಿಸಿದ್ದರು. ಮಳೆ ಹಿಡಿಯುವ ಮೊದಲೇ ಬೋರ್ಡೋ ದ್ರಾವಣ ಸಿಂಪಡಿಸಿದ ತೋಟಗಳಲ್ಲಿ ಕೊಳೆರೋಗ ಕಡಿಮೆ ಇದ್ದುದು ಕಂಡುಬಂದಿತು. ಬೇಗನೆ ಸಿಂಪಡಿಸುವುದರಿಂದ ರೋಗ ಹರಡುವುದನ್ನು ತಡೆಯಬಹುದು. ದಟ್ಟವಾದ ತೋಟಗಳಲ್ಲಿ ರೋಗ ಹೆಚ್ಚಾಗಿತ್ತು. ಗೊನೆಗಳಲ್ಲಿ ತೇವ ಹೆಚ್ಚು ಹೊತ್ತು ನಿಲ್ಲುವುದೇ ಇದಕ್ಕೆ ಕಾರಣವಿರಬೇಕು. ದ್ರಾವಣಕ್ಕೆ ರಾಳದ ಅಂಟು ಬೆರೆಸಿದ್ದರಿಂದ ಗಣನೀಯ ವ್ಯತ್ಯಾಸ ಕಂಡುಬರಲಿಲ್ಲ. ಎಲ್ಲ ತೋಟಗಳಲ್ಲಿ ಎರಡನೆಯ ಸಿಂಪಡಣೆ ಅಗತ್ಯವಾಗಲಿಲ್ಲ.’

ಅನುವಾದಕ್ಕೆ ಕೈ ಹಾಕುವ ಮುಂಚೆ ಪೆನ್ಸಿಲಿನಿಂದ ಪ್ರತಿ ವಾಕ್ಯದ ಕೊನೆಗೆ ಗೆರೆ ಎಳೆಯಿರಿ. ಪಕ್ಕದಲ್ಲಿ ಒಂದೊಂದು ಮಾತು ಬರೆಯಿರಿ: ಇದು ಕಂಡದ್ದೋ, ಊಹಿಸಿದ್ದೋ, ಸಾಧ್ಯ ಎಂದದ್ದೋ, ಸಲಹೆಯೋ. ಯಾವ ಮಾತು ಬರೆಯಬೇಕೆಂದು ತಿಳಿಯದ ಕಡೆ ಪ್ರಶ್ನೆಯ ಗುರುತು ಹಾಕಿ. ಆ ಗುರುತುಗಳೇ ನಿಮ್ಮ ನಿಜವಾದ ಕೆಲಸ.

‘ಕಂಡುಬಂದಿತು’ ಎಂಬುದರಿಂದ ಶುರು ಮಾಡೋಣ. ‘ಕಾಣು’ ಎಂಬ ಧಾತು ಇದೆಯಲ್ಲ ಎಂದು ‘ಅಪಿಯರ್ಡ್ ಟು ಬಿ ಲೋವರ್’ ಎಂದು ಬರೆಯುವವರಿದ್ದಾರೆ. ಇಂಗ್ಲಿಷ್ ಓದುಗನಿಗೆ ಅದು ‘ಕಡಿಮೆ ಇದ್ದ ಹಾಗಿತ್ತು, ಖಾತ್ರಿಯಿಲ್ಲ’ ಎಂದು ಕೇಳಿಸುತ್ತದೆ. ನಮ್ಮ ಲೇಖಕ ಹಾಗೆ ಹೇಳಿಲ್ಲ. ಅವನು ಗೊನೆ ಎಣಿಸಿ ನೋಡಿದ್ದಾನೆ, ಕಡಿಮೆ ಇತ್ತು. ಅನುಮಾನವಿದ್ದಿದ್ದರೆ ‘ಕಡಿಮೆ ಇದ್ದಂತೆ ತೋರಿತು’ ಎನ್ನುತ್ತಿದ್ದ. ಆದ್ದರಿಂದ ‘ವಾಸ್ ಲೋವರ್’ ಎಂದರೆ ಸಾಕು. ಇಲ್ಲದ ಅಳುಕನ್ನು ಸೇರಿಸುವುದೂ ಇರುವ ಅಳುಕನ್ನು ಅಳಿಸಿದಷ್ಟೇ ತಪ್ಪು. ‘ವಾಸ್’ ಎಂಬ ಭೂತಕಾಲವನ್ನೂ ಬಿಡಬೇಡಿ. ‘ಈಸ್ ಲೋವರ್’ ಎಂದ ಕೂಡಲೇ ಆ 12 ತೋಟಗಳ ಮಾತು ಜಗತ್ತಿನ ಎಲ್ಲ ಅಡಿಕೆ ತೋಟಗಳ ಮಾತಾಗಿಬಿಡುತ್ತದೆ.

ಇನ್ನು ಮುಖ್ಯವಾದದ್ದು, ‘ತಡೆಯಬಹುದು’. ಕನ್ನಡದ ‘ಬಹುದು’ ಒಂದೇ ಬಾಲದಲ್ಲಿ ಮೂರು ನಾಲ್ಕು ಕೆಲಸ ಮಾಡುತ್ತದೆ. ‘ನಾಳೆ ಮಳೆ ಬರಬಹುದು’ ಎಂದರೆ ಸಂಭವ. ‘ಈ ಹಂಡೆಯಲ್ಲಿ ನೂರು ಲೀಟರ್ ತುಂಬಬಹುದು’ ಎಂದರೆ ಸಾಮರ್ಥ್ಯ, ಅಲ್ಲಿ ಅನುಮಾನವೇ ಇಲ್ಲ. ‘ನೀವಿನ್ನು ಹೋಗಬಹುದು’ ಎಂದರೆ ಅಪ್ಪಣೆ. ‘ರೈತರು ಇದನ್ನು ಬಳಸಬಹುದು’ ಎಂದರೆ ಮೆಲ್ಲಗೆ ಕೊಟ್ಟ ಸಲಹೆ. ಸಂಭವಕ್ಕೆ ಇಂಗ್ಲಿಷಿನಲ್ಲಿ ‘ಮೇ’, ಸಾಮರ್ಥ್ಯಕ್ಕೆ ‘ಕ್ಯಾನ್’. ವಿಜ್ಞಾನದಲ್ಲಿ ಇವೆರಡರ ನಡುವೆ ದೊಡ್ಡ ಕಂದಕವಿದೆ. ‘ಕ್ಯಾನ್ ಪ್ರಿವೆಂಟ್’ ಎಂದರೆ ತಡೆಯುವ ಶಕ್ತಿ ಇದೆ ಎಂದು ತೋರಿಸಿ ಆಗಿದೆ ಎಂದರ್ಥ. ‘ಮೇ ಪ್ರಿವೆಂಟ್’ ಎಂದರೆ ಹಾಗಿರುವ ಸಂಭವವುಂಟು, ಇನ್ನೂ ನೋಡಬೇಕು ಎಂದು.

ಇದನ್ನು ಬಿಡಿಸಲು ಕನ್ನಡದಲ್ಲೇ ಒಂದು ಒರೆಗಲ್ಲು ಇದೆ. ‘ಬಹುದು’ ತೆಗೆದು ‘ಸಾಧ್ಯತೆ ಇದೆ’ ಎಂದು ಹಾಕಿ ನೋಡಿ; ಆಮೇಲೆ ‘ಸಾಧ್ಯ’ ಎಂದಷ್ಟೇ ಹಾಕಿ ನೋಡಿ. ‘ಮಳೆ ಬರುವ ಸಾಧ್ಯತೆ ಇದೆ’ ಕೂರುತ್ತದೆ, ‘ಮಳೆ ಬರಲು ಸಾಧ್ಯ’ ಕೂರುವುದಿಲ್ಲ. ಹಂಡೆಯ ವಾಕ್ಯದಲ್ಲಿ ಇದು ತಿರುಗಾ ಮುರುಗಾ. ಕ್ರಿಯಾಪದವೂ ಸುಳಿವು ಕೊಡುತ್ತದೆ. ‘ರೋಗ ಕಡಿಮೆಯಾಗಬಹುದು’ ಎಂದು ‘ಆಗು’ ಬಂದರೆ ಸಾಮಾನ್ಯವಾಗಿ ಸಂಭವ. ‘ರೋಗವನ್ನು ತಡೆಯಬಹುದು’ ಎಂದು ಕರ್ತೃವಿಲ್ಲದೆ ಬಂದರೆ, ಯಾರೋ ಮನುಷ್ಯ ತಡೆಯಬಲ್ಲ ಎಂಬ ಸಾಮರ್ಥ್ಯದ ಕಡೆಗೆ ವಾಲುತ್ತದೆ.

ನಮ್ಮ ವಾಕ್ಯ ಎರಡನೆಯ ಬಗೆಯದು. ಹಾಗಾದರೆ ‘ಕ್ಯಾನ್’ ಹಾಕೋಣವೇ? ಅವಸರ ಬೇಡ. ಎರಡು ವಾಕ್ಯ ಹಿಂದೆ ಹೋಗಿ: ಯಾವಾಗ ಸಿಂಪಡಿಸಬೇಕೆಂಬುದನ್ನು ತೋಟದವರೇ ನಿರ್ಧರಿಸಿದ್ದರು. ಬೇಗ ಔಷಧಿ ಹೊಡೆಸುವವನು ಬಿದ್ದ ಕಾಯಿಯನ್ನೂ ಬೇಗ ಆರಿಸಿ ತೆಗೆಸುವವನಾಗಿರಬಹುದು, ತೋಟವನ್ನು ಹಸನಾಗಿ ಇಟ್ಟುಕೊಂಡವನಾಗಿರಬಹುದು. ರೋಗ ಕಡಿಮೆಯಾದದ್ದು ಬೇಗ ಹೊಡೆದದ್ದರಿಂದಲೇ ಎಂದು ಈ ಅಧ್ಯಯನದಿಂದ ಖಚಿತಪಡಿಸಲು ಬರುವುದಿಲ್ಲ. ಆದ್ದರಿಂದ ‘ಮೇ’ ಸರಿಹೊಂದುತ್ತದೆ: ‘ಅರ್ಲಿ ಸ್ಪ್ರೇಯಿಂಗ್ ಮೇ ಚೆಕ್ ದ ಸ್ಪ್ರೆಡ್ ಆಫ್ ದ ಡಿಸೀಸ್’. ಚೀಟಿಯಿತ್ತಿ ಆರು ತೋಟಕ್ಕೆ ಬೇಗ, ಆರಕ್ಕೆ ತಡವಾಗಿ ಎಂದು ಹಂಚಿದ್ದರೆ ‘ಕ್ಯಾನ್’ ಎನ್ನುವುದಕ್ಕೆ ಬುಡ ಇರುತ್ತಿತ್ತು. ಇಷ್ಟಾದ ಮೇಲೂ ಲೇಖಕನಿಗೆ ಒಂದು ಕಾಗದ ಬರೆದು ಕೇಳಿ. ‘ನೀವು ಹೇಳಿದ್ದು ಸಾಧ್ಯತೆಯೋ ಸಾಮರ್ಥ್ಯವೋ?’ ಎಂದು ಕೇಳಿದರೆ ಸಾಲದು, ಅವರು ‘ಎರಡೂ ಒಂದೇ ಅಲ್ವೇನಪ್ಪಾ’ ಅಂದುಬಿಡುತ್ತಾರೆ. ‘ಬೇಗ ಹೊಡೆದೂ ರೋಗ ಬಂದರೆ ನಿಮ್ಮ ಮಾತು ಸುಳ್ಳಾಗುತ್ತದೆಯೇ?’ ಎಂದು ಕೇಳಿ. ಆಗ ಉತ್ತರ ನೆಟ್ಟಗೆ ಬರುತ್ತದೆ.

‘ಮೇ’ ಬದಲು ‘ಲೈಕ್ಲಿ’ ಹಾಕಿದರೆ ಇಂಗ್ಲಿಷ್ ಚೆಂದ ಕಾಣುತ್ತದೆ ಎನ್ನುವವರೂ ಇದ್ದಾರೆ. ಅದು ‘ಮೇ’ಗಿಂತ ಬಲವಾದ ಮಾತು. ಕೆಲವು ಕ್ಷೇತ್ರಗಳಲ್ಲಿ ಅದಕ್ಕೆ ಅಳತೆಯೇ ಉಂಟು: ಹವಾಮಾನ ಬದಲಾವಣೆಯನ್ನು ಕುರಿತ ಐಪಿಸಿಸಿ ವರದಿಗಳಲ್ಲಿ ‘ಲೈಕ್ಲಿ’ ಎಂದರೆ ನೂರಕ್ಕೆ 66ಕ್ಕಿಂತ ಹೆಚ್ಚು ಸಂಭವ, ‘ವೆರಿ ಲೈಕ್ಲಿ’ ಎಂದರೆ 90ಕ್ಕಿಂತ ಹೆಚ್ಚು. ಲೇಖಕ ಲೆಕ್ಕ ಹಾಕದ ಸಂಭವಕ್ಕೆ ನಾವು ಬೆಲೆ ಕಟ್ಟಬಾರದು.

ಇದರ ಬೆನ್ನಿಗೇ ಇನ್ನೊಂದು ರೋಗ. ಕನ್ನಡದಲ್ಲಿ ವಿನಯಕ್ಕಾಗಿ ‘ತಡೆಯುವ ಸಾಧ್ಯತೆ ಇರಬಹುದೆಂದು ತೋರುತ್ತದೆ’ ಎಂದು ಬರೆಯುವ ಅಭ್ಯಾಸ ನಮ್ಮವರಿಗಿದೆ. ಸಾಧ್ಯತೆ ಒಂದು, ಬಹುದು ಎರಡು, ತೋರುತ್ತದೆ ಮೂರು. ಮೂರನ್ನೂ ಇಂಗ್ಲಿಷಿಗೆ ಹೊತ್ತುಕೊಂಡು ಹೋದರೆ ಲೇಖಕನಿಗೇ ತನ್ನ ಕೆಲಸದಲ್ಲಿ ನಂಬಿಕೆಯಿಲ್ಲ ಎಂಬಂತಾಗುತ್ತದೆ. ಮೂರೂ ಒಂದೇ ಅನುಮಾನವನ್ನು ಹೇಳುತ್ತಿದ್ದರೆ ಒಂದು ‘ಮೇ’ ಸಾಕು.

‘ಕಾರಣವಿರಬೇಕು’ ಎಂಬಲ್ಲಿನ ‘ಬೇಕು’ ಕರ್ತವ್ಯದ ‘ಬೇಕು’ ಅಲ್ಲ, ಅದು ಎಲ್ಲರಿಗೂ ಗೊತ್ತು; ‘ಶುಡ್ ಬಿ’ ಎಂದು ಯಾರೂ ಬರೆಯಲಾರರು. ಬರೆಯುವುದು ‘ಮಸ್ಟ್ ಬಿ’ ಎಂದು. ಮಾತಿನಲ್ಲಿ ಅದು ಸರಿ. ಆದರೆ ಸಂಶೋಧನ ಲೇಖನದಲ್ಲಿ ‘ಮಸ್ಟ್ ಬಿ’ ಎಂದರೆ ಬೇರೆ ದಾರಿಯೇ ಇಲ್ಲ ಎಂಬ ತರ್ಕದ ತೀರ್ಮಾನದಂತೆ ಓದಿಸಿಕೊಳ್ಳುತ್ತದೆ. ಕನ್ನಡದ ‘ಇರಬೇಕು’ ಅಷ್ಟು ದೂರ ಹೋಗುವುದಿಲ್ಲ. ಬಾಗಿಲು ಮುಚ್ಚಿದೆ, ಊರಿಗೆ ಹೋಗಿರಬೇಕು, ಎನ್ನುವ ಹಾಗಿನ ಊಹೆ ಅದು. ‘ಪ್ರಾಬಬ್ಲಿ’ ಅದಕ್ಕೆ ಹತ್ತಿರ. ಆದರೆ ‘ನಿಲ್ಲುವುದೇ’ ಎಂಬಲ್ಲಿನ ಏಕಾರವನ್ನು ಗಮನಿಸಿದಿರಾ? ‘ಇದೇ, ಬೇರೆಯದಲ್ಲ’ ಎಂಬ ಒತ್ತು ಅದರಲ್ಲಿದೆ. ‘ಪ್ರಾಬಬ್ಲಿ ಬಿಕಾಸ್’ ಎಂದು ಬರೆದರೆ ಆ ಒತ್ತು ಬಂದಂತೆಯೇ. ‘ಒನ್ ಆಫ್ ದ ರೀಸನ್ಸ್’ ಎಂದು ಬರೆದರೆ ಲೇಖಕ ಹೇಳಿದ್ದನ್ನು ನಾವು ತೆಳ್ಳಗೆ ಮಾಡಿದಂತೆ.

‘ಗಣನೀಯ’ ಎಂಬ ಮಾತಿಗೆ ಕೈ ತಾನಾಗಿ ‘ಸಿಗ್ನಿಫಿಕೆಂಟ್’ ಎಂದು ಬರೆಯುತ್ತದೆ. ಇಂಗ್ಲಿಷಿನಲ್ಲಿ ಆ ಮಾತನ್ನು ಸಂಖ್ಯಾಶಾಸ್ತ್ರದವರು ತಮ್ಮದಾಗಿ ಮಾಡಿಕೊಂಡಿದ್ದಾರೆ. ಪರೀಕ್ಷೆ ಹಾಕಿ ನೋಡಿದ ಲೆಕ್ಕ ಇದ್ದರೆ ಮಾತ್ರ ಅದನ್ನು ಬಳಸಬೇಕು. ಲೇಖನದ ಕೋಷ್ಟಕ ನೋಡಿ. ಲೆಕ್ಕ ಇಲ್ಲದಿದ್ದರೆ ‘ಮಾರ್ಕ್ಡ್’ ಎಂದೋ ‘ಅಪ್ರೀಷಿಯಬಲ್’ ಎಂದೋ ಬರೆಯಿರಿ. ಇನ್ನು ‘ಕಂಡುಬರಲಿಲ್ಲ’ ಎಂಬುದನ್ನು ‘ಹ್ಯಾಡ್ ನೋ ಎಫೆಕ್ಟ್’ ಎಂದು ಮಾತ್ರ ಮಾಡಬೇಡಿ. ಹುಡುಕಿದೆ, ಸಿಗಲಿಲ್ಲ ಎಂಬುದು ಬೇರೆ; ಇಲ್ಲವೇ ಇಲ್ಲ ಎಂಬುದು ಬೇರೆ. 12 ತೋಟಗಳಲ್ಲಿ ಕಾಣದ ಸಣ್ಣ ವ್ಯತ್ಯಾಸ 200 ತೋಟಗಳಲ್ಲಿ ಕಂಡೀತು.

ಕೊನೆಯ ವಾಕ್ಯದ ಪಕ್ಕದಲ್ಲಿ ನೀವು ದೊಡ್ಡ ಪ್ರಶ್ನೆಯ ಗುರುತು ಹಾಕಿರಬೇಕು. ‘ಎಲ್ಲ ತೋಟಗಳಲ್ಲಿ ಅಗತ್ಯವಾಗಲಿಲ್ಲ’ ಎಂದರೆ ಒಂದರಲ್ಲೂ ಬೇಕಾಗಲಿಲ್ಲವೆಂದೋ, ಕೆಲವಕ್ಕೆ ಬೇಕಾಯಿತು ಕೆಲವಕ್ಕೆ ಬೇಡವಾಯಿತು ಎಂದೋ? ‘ತೋಟಗಳಲ್ಲೂ’ ಎಂದಿದ್ದರೆ ಮೊದಲನೆಯದರ ಕಡೆಗೆ ಹೆಚ್ಚು ವಾಲುತ್ತಿತ್ತು. ಇದನ್ನು ಪದಶಃ ಇಂಗ್ಲಿಷಿಗೆ ತಂದರೆ ‘ಆಲ್’ ಮತ್ತು ‘ನಾಟ್’ ಸೇರಿ ಅಲ್ಲೂ ಅದೇ ಗೊಂದಲ. ಇಲ್ಲಿ ಬುದ್ಧಿ ಓಡಿಸಿ ಪ್ರಯೋಜನವಿಲ್ಲ. ಕೋಷ್ಟಕದಲ್ಲಿ ಎಣಿಸಿ, 7 ತೋಟಗಳಲ್ಲಿ ಎರಡನೆಯ ಸಲ ಹೊಡೆದಿಲ್ಲ, 5ರಲ್ಲಿ ಹೊಡೆದಿದ್ದಾರೆ ಎಂದಿದ್ದರೆ, ಲೇಖಕನ ಒಪ್ಪಿಗೆ ಪಡೆದು ‘ನಾಟ್ ನೀಡೆಡ್ ಇನ್ ಸೆವೆನ್ ಆಫ್ ದ ಟ್ವೆಲ್ವ್ ಗಾರ್ಡನ್ಸ್’ ಎಂದು ಅಂಕಿಯನ್ನೇ ಬರೆಯಿರಿ.

ಮುಗಿದ ಮೇಲೆ ಇಂಗ್ಲಿಷ್ ಪುಟವನ್ನು ಮೂಲ ನೋಡಿರದ ಗೆಳೆಯನೊಬ್ಬನ ಕೈಗೆ ಕೊಟ್ಟು, ಬಾಯಿಮಾತಿನಲ್ಲಿ ಕನ್ನಡದಲ್ಲಿ ಹೇಳಿಸಿ. ಪದಗಳನ್ನು ಹೋಲಿಸಬೇಡಿ; ಬಾಲಗಳನ್ನು ಮಾತ್ರ ಹೋಲಿಸಿ. ಅವನು ‘ತಡೀತದಂತೆ’ ಅಂದರೆ ನಿಮ್ಮ ‘ಮೇ’ ಎಲ್ಲೋ ಜಾರಿದೆ. ‘ತಡೀಬಹುದೇನೋ ಅಂತಾರೆ’ ಅಂದರೆ ಸರಿಯಿದೆ. ಸಂಪಾದಕರು 250 ಪದದ ಮಿತಿ ಹಾಕಿ, ನಿಮ್ಮದು 270 ಆಗಿದ್ದರೆ, ಕತ್ತರಿ ಮೊದಲು ಬೀಳುವುದು ‘ಮೇ’, ‘ಪ್ರಾಬಬ್ಲಿ’, ‘ಇನ್ ದೀಸ್ ಗಾರ್ಡನ್ಸ್’ ಇಂಥ ಪುಟ್ಟ ಮಾತುಗಳ ಮೇಲೆ. ಅವನ್ನು ಉಳಿಸಿ, ‘ದ ಪ್ರೆಸೆಂಟ್ ಸ್ಟಡಿ ವಾಸ್ ಅಂಡರ್‌ಟೇಕನ್ ವಿತ್ ಎ ವ್ಯೂ ಟು’ ಎಂದು ಶುರುವಾಗುವ ಸಾಲನ್ನು ತೆಗೆದುಹಾಕಿ. ಅರ್ಧದಷ್ಟು ಜಾಗ ಅಲ್ಲೇ ಸಿಗುತ್ತದೆ.