ಎದೆ ಉರಿಯಲೇ ಇಲ್ಲ, ಗಂಟಲು ಕಟ್ಟಿತು

ಬೆಂಗಳೂರಿನ ವಿಜಯನಗರದ ಹೈಸ್ಕೂಲೊಂದರಲ್ಲಿ ಎಂಟನೇ ಕ್ಲಾಸಿನ ಹುಡುಗರು ತಮ್ಮ ಸಮಾಜ ವಿಜ್ಞಾನದ ಮಿಸ್ಸನ್ನು ಅಣಕಿಸುವಾಗ ಮೊದಲು "ಹ್ಹಂ... ಹ್ಹಂ" ಎನ್ನುತ್ತಿದ್ದರಂತೆ, ಪಾಠದ ಮಾತು ಆಮೇಲೆ. ಆ ಮಿಸ್ ನನ್ನ ಅತ್ತಿಗೆ. ನಾಲ್ಕು ವರ್ಷದ ಹಿಂದೆ ಒಂದು ನೆಗಡಿ ಬಂತು, ವಾರದಲ್ಲಿ ಹೋಯಿತು. ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗಿನ ಕರಕರ ಮಾತ್ರ ಉಳಿಯಿತು. ಮಧ್ಯಾಹ್ನದ ಹೊತ್ತಿಗೆ ದನಿ ಒಡೆಯುತ್ತಿತ್ತು, ರಾತ್ರಿ ಊಟವಾದ ಮೇಲೆ ಒಣ ಕೆಮ್ಮು.

ಕೆಂಗೇರಿ ಉಪನಗರದ ಮನೆಯ ಹತ್ತಿರದ ಕ್ಲಿನಿಕ್ಕಿನಲ್ಲಿ ಧೂಳಿನ ಅಲರ್ಜಿ ಎಂದರು. ಮೈಸೂರು ರಸ್ತೆಯ ಧೂಳು ಕುಡಿದವರು ಯಾರೂ ಅದನ್ನು ಅಲ್ಲಗಳೆಯುವುದಿಲ್ಲ. ಅಲರ್ಜಿ ಮಾತ್ರೆ ತೆಗೆದುಕೊಂಡರೆ ಗಂಟಲು ಇನ್ನಷ್ಟು ಒಣಗಿ ಕರಕರ ಹೆಚ್ಚಾಯಿತು. ಎರಡು ಸುತ್ತು ಆಂಟಿಬಯಾಟಿಕ್ ಆಯಿತು. ಕೆಮ್ಮು ಬಿಡದಿದ್ದಾಗ ಕಫದ ಪರೀಕ್ಷೆ, ಎದೆಯ ಎಕ್ಸ್‌ರೇ ಮಾಡಿಸಿದರು. ಕ್ಷಯವಿಲ್ಲ, ಶ್ವಾಸಕೋಶ ಚೆನ್ನಾಗಿದೆ. ಕೆಲವು ಬಿಪಿ ಮಾತ್ರೆಗಳು, ರಾಮಿಪ್ರಿಲ್, ಎನಲಾಪ್ರಿಲ್ ತರಹದವು, ಇಂಥದ್ದೇ ಒಣ ಕೆಮ್ಮು ತರುತ್ತವೆ. ಅತ್ತಿಗೆಗೆ ಬಿಪಿಯೂ ಇರಲಿಲ್ಲ. ಎಂಟು ತಿಂಗಳಾದ ಮೇಲೆ ಕಿವಿ-ಮೂಗು-ಗಂಟಲಿನ ವೈದ್ಯರೊಬ್ಬರು ಮೂಗಿನಿಂದ ತೆಳು ಕೊಳವೆಯ ಕ್ಯಾಮೆರಾ ಇಳಿಸಿ ಧ್ವನಿಪೆಟ್ಟಿಗೆ ನೋಡಿ, "ಹೊಟ್ಟೆಯ ಆಮ್ಲ ಮೇಲಕ್ಕೆ ಬರ್ತಿದೆ" ಎಂದರು.

"ನಂಗೆ ಗ್ಯಾಸ್ಟ್ರಿಕ್ಕೇ ಇಲ್ವಲ್ಲ ಡಾಕ್ಟ್ರೇ. ಒಂದು ದಿನ ಎದೆ ಉರಿದಿಲ್ಲ, ಹುಳಿತೇಗು ಬಂದಿಲ್ಲ."

ಅತ್ತಿಗೆಯ ಈ ಪ್ರಶ್ನೆಯನ್ನೇ ವೈದ್ಯವಿಜ್ಞಾನವೂ ಬಹಳ ಕಾಲ ಕೇಳಿಕೊಂಡಿತ್ತು. ಗಂಟಲಿನ ಕಾಯಿಲೆಗೆ ಕಾರಣ ಗಂಟಲಲ್ಲೇ ಇರಬೇಕು ಎಂಬ ನಂಬಿಕೆ ಗಟ್ಟಿಯಾಗಿತ್ತು. ಧ್ವನಿತಂತುಗಳ ಹಿಂಭಾಗದಲ್ಲಿ ಏಳುವ ಒಂದು ಬಗೆಯ ಹುಣ್ಣಿಗೆ ಜೋರಾಗಿ ಮಾತಾಡುವುದೇ ಕಾರಣ ಎಂದು ವೈದ್ಯರು ತಿಳಿದಿದ್ದರು. ಗಂಟಲಲ್ಲಿ ಉಂಡೆ ಕೂತಂತಾಗುತ್ತದೆ ಎಂದ ಹೆಂಗಸರಿಗಂತೂ ಉನ್ಮಾದದ ಹಣೆಪಟ್ಟಿಯೇ ಸಿಗುತ್ತಿತ್ತು, ಕಾಯಿಲೆಯ ಹೆಸರಿನಲ್ಲೇ ಹಿಸ್ಟೀರಿಯಾ ಸೇರಿಕೊಂಡಿತ್ತು. ಎಷ್ಟು ಹೆಂಗಸರು ಆ ಮಾತನ್ನು ನುಂಗಿಕೊಂಡು ಮನೆಗೆ ಹೋದರೋ ಎಂದು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

1968ರಲ್ಲಿ ಅಮೆರಿಕದ ಚೆರಿ ಮತ್ತು ಮಾರ್ಗುಲೀಸ್ ಎಂಬ ವೈದ್ಯರು ಮೂವರು ರೋಗಿಗಳ ವಿಷಯ ಬರೆದರು. ಮೂವರಿಗೂ ಧ್ವನಿತಂತುವಿನ ಹುಣ್ಣು ಯಾವ ಚಿಕಿತ್ಸೆಗೂ ಬಗ್ಗಿರಲಿಲ್ಲ. ಆಮ್ಲ ತಗ್ಗಿಸುವ ಔಷಧಿ ಕೊಟ್ಟು, ಮಂಚದ ತಲೆಭಾಗ ಎತ್ತರಿಸಿದಾಗ ಹುಣ್ಣು ಮಾಯಿತು. ಅದೇ ವರ್ಷ ಚೆರಿ ಇನ್ನೊಬ್ಬ ಸಹೋದ್ಯೋಗಿಯ ಜೊತೆ ನಾಯಿಗಳ ಧ್ವನಿತಂತುವಿಗೆ ಜಠರರಸ ಸವರಿ ನೋಡಿದರು. ರಸ ತಾಗಿದ ಕಡೆ ಗಾಯವೆದ್ದಿತು. ಗಂಟಲಿನ ಗಾಯಕ್ಕೂ ಹೊಟ್ಟೆಗೂ ಮೊದಲ ಗಟ್ಟಿ ನಂಟು ಬಿದ್ದದ್ದು ಹೀಗೆ.

ಎದೆ ಉರಿಯದೆ ಇದು ಹೇಗೆ ಸಾಧ್ಯ ಎಂಬುದನ್ನು ಮುಂದಕ್ಕೆ ಒಯ್ದವರು ಜೇಮಿ ಕೌಫ್‌ಮನ್. ನಾರ್ತ್ ಕೆರೊಲಿನಾದ ಈ ಗಂಟಲುತಜ್ಞೆ 1991ರಲ್ಲಿ 225 ರೋಗಿಗಳ ದೀರ್ಘ ಅಧ್ಯಯನ ಪ್ರಕಟಿಸಿದರು. ಆಮ್ಲದಿಂದಲೇ ಗಂಟಲು ಕೆಟ್ಟಿರಬಹುದು ಎಂದು ಅನುಮಾನವಿದ್ದ ಆ ರೋಗಿಗಳಲ್ಲಿ ಎದೆಯುರಿ ಇದ್ದವರು ಅರ್ಧಕ್ಕಿಂತ ಕಡಿಮೆ. ಇದಕ್ಕೆ ಕೊಡುವ ವಿವರಣೆ ಸರಳ. ಜಠರದ ರಸ ಅನ್ನನಾಳಕ್ಕೆ ಏರುವುದು ಆರೋಗ್ಯವಂತರಲ್ಲೂ ದಿನಕ್ಕೆ ಹತ್ತಾರು ಸಲ ನಡೆಯುತ್ತದೆ. ಅನ್ನನಾಳ ಅದನ್ನು ಹಿಂಡಿ ಕೆಳಗೆ ತಳ್ಳುತ್ತದೆ, ನುಂಗಿದ ಜೊಲ್ಲು ತೊಳೆಯುತ್ತದೆ, ಒಳಪದರವೂ ಗಟ್ಟಿ. ಧ್ವನಿಪೆಟ್ಟಿಗೆಗೆ ಇಷ್ಟು ಕಾವಲಿಲ್ಲ. ಅನ್ನನಾಳದಲ್ಲಿ ನಿಲ್ಲದೆ ಮೇಲೆ ಹಾರಿದ ಸ್ವಲ್ಪವೇ ರಸ ಎದೆಯನ್ನು ಉರಿಸದೆ ಗಂಟಲನ್ನು ಕೆರಳಿಸಬಹುದು. ರಸದ ಜೊತೆ ಪೆಪ್ಸಿನ್ ಎಂಬ ಕಿಣ್ವವೂ ಬರುತ್ತದೆ. ಹೊಟ್ಟೆಯಲ್ಲಿ ಮಾಂಸ, ಬೇಳೆಯ ಪ್ರೋಟೀನನ್ನು ಒಡೆಯುವುದು ಅದೇ. ಅದು ಗಂಟಲಿನ ಜೀವಕೋಶಗಳಲ್ಲಿ ಕೂತು, ಮುಂದೆ ಹುಳಿ ತಾಗಿದಾಗ ಮತ್ತೆ ಎಚ್ಚರಗೊಳ್ಳಬಲ್ಲದು ಎಂದು ಪ್ರಯೋಗಗಳು ತೋರಿಸಿವೆ.

ಕೌಫ್‌ಮನ್ ಅಧ್ಯಯನದ ಹೊತ್ತಿಗೆ ಓಮೆಪ್ರಜೋಲ್ ಮಾರುಕಟ್ಟೆಗೆ ಬಂದಾಗಿತ್ತು, ಹಿಂದೆಯೇ ಪ್ಯಾಂಟೊಪ್ರಜೋಲ್ ಬಂತು. ಆಮ್ಲ ಕಾರಣವಾದರೆ ಆಮ್ಲ ನಿಲ್ಲಿಸಿ, ಗಂಟಲು ಕೆಂಪಗೆ ಕಂಡರೆ ಮಾತ್ರೆ ಬರೆಯಿರಿ ಎಂಬ ರೂಢಿ ಬೆಳೆಯಿತು. ಇತಿಹಾಸ ಎಡವಿದ್ದು ಇಲ್ಲಿ ಎನ್ನುವುದು ನನ್ನ ಅಭಿಪ್ರಾಯ. 2002ರಲ್ಲಿ ಯಾವ ತೊಂದರೆಯೂ ಇಲ್ಲದ 105 ಜನರ ಗಂಟಲಿಗೆ ಕ್ಯಾಮೆರಾ ಇಳಿಸಿ ನೋಡಿದಾಗ, ಆಮ್ಲದ ಗುರುತು ಎಂದು ವೈದ್ಯರು ನಂಬಿದ್ದ ಲಕ್ಷಣಗಳಲ್ಲಿ ಒಂದಾದರೂ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿಯಲ್ಲಿ ಸಿಕ್ಕಿತು. ಕೆಂಪು ಕಂಡ ಮಾತ್ರಕ್ಕೆ ಕಾರಣ ಸಿಕ್ಕಂತಲ್ಲ. 2021ರಲ್ಲಿ ಬ್ರಿಟನ್ನಿನ ಎಂಟು ಆಸ್ಪತ್ರೆಗಳ 346 ರೋಗಿಗಳ ಪರೀಕ್ಷೆಯ ಫಲಿತಾಂಶ ಬಂತು. ಗಂಟಲಿನ ತೊಂದರೆ ಬಿಡದವರಲ್ಲಿ ಒಂದು ಗುಂಪಿಗೆ ಲ್ಯಾನ್ಸೊಪ್ರಜೋಲ್, ಇನ್ನೊಂದಕ್ಕೆ ಔಷಧಿಯಿಲ್ಲದ ಮಾತ್ರೆ, 16 ವಾರ, ದಿನಕ್ಕೆರಡು ಸಲ. ಎರಡೂ ಗುಂಪುಗಳು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಸುಧಾರಿಸಿದವು.

ಅತ್ತಿಗೆಯೂ ಮೂರು ತಿಂಗಳು ಪ್ಯಾಂಟೊಪ್ರಜೋಲ್ 40 ನುಂಗಿದ್ದರು. ಮೊದಲ ತಿಂಗಳಿಡೀ ತಿಂಡಿ ಆದ ಮೇಲೆ ತೆಗೆದುಕೊಂಡಿದ್ದರು, ಯಾರೂ ಹೇಳಿರಲಿಲ್ಲ. ಈ ಮಾತ್ರೆ ಕೆಲಸ ಮಾಡುವುದು ಊಟಕ್ಕೆ ಅರ್ಧದಿಂದ ಒಂದು ಗಂಟೆ ಮುಂಚೆ ಖಾಲಿ ಹೊಟ್ಟೆಗೆ ಹಾಕಿದರೆ. ತಿಂಡಿ ಹೊಟ್ಟೆಗೆ ಬೀಳುತ್ತಿದ್ದಂತೆ ಆಮ್ಲದ ಪಂಪುಗಳು ಚಾಲೂ ಆಗುತ್ತವೆ, ಆ ಹೊತ್ತಿಗೆ ಔಷಧಿ ರಕ್ತದಲ್ಲಿರಬೇಕು. ಆಮೇಲೆ ಸರಿಯಾಗಿಯೇ ತೆಗೆದುಕೊಂಡರು. ಆದರೂ "ಹ್ಹಂ" ನಿಲ್ಲಲಿಲ್ಲ.

ಕೊನೆಗೆ ಜಠರತಜ್ಞರೊಬ್ಬರು 24 ಗಂಟೆಯ ಪರೀಕ್ಷೆಗೆ ಕರೆದರು. ಒಂದು ವಾರ ಮೊದಲೇ ಮಾತ್ರೆ ನಿಲ್ಲಿಸಬೇಕಾಯಿತು. ಮೂಗಿನಿಂದ ಅನ್ನನಾಳಕ್ಕೆ ನೂಲಿನಂಥ ನಳಿಗೆ ಇಳಿಸಿ, ಕೆನ್ನೆಗೆ ಪ್ಲಾಸ್ಟರು ಅಂಟಿಸಿ, ಸೊಂಟಕ್ಕೊಂದು ಚಿಕ್ಕ ಪೆಟ್ಟಿಗೆ ಕಟ್ಟಿದರು. ನಳಿಗೆಯುದ್ದಕ್ಕೂ ಇರುವ ಉಂಗುರಗಳು ದ್ರವ ಕೆಳಗಿಳಿಯಿತೋ ಮೇಲೇರಿತೋ ಎಂದು ಬರೆದಿಡುತ್ತವೆ, ಇನ್ನೊಂದು ಸಂವೇದಕ ಅದು ಎಷ್ಟು ಹುಳಿ ಎಂದು ಅಳೆಯುತ್ತದೆ. ಎಂದಿನಂತೆ ಊಟ ಮಾಡಿ, ಎಂದಿನಂತೆ ಕೆಲಸ ಮಾಡಿ ಎಂದಿದ್ದರಿಂದ ಅತ್ತಿಗೆ ಸೆರಗು ಹೊದ್ದು ಮೆಟ್ರೋ ಹತ್ತಿ ಶಾಲೆಗೇ ಹೋದರು. ಕೆಮ್ಮು ಬಂದಾಗಲೆಲ್ಲ ಪೆಟ್ಟಿಗೆಯ ಗುಂಡಿ ಒತ್ತಬೇಕು. ಊಟ, ಮಲಗುವ ಹೊತ್ತನ್ನು ಚೀಟಿಯಲ್ಲಿ ಬರೆಯಬೇಕು.

ವರದಿಯನ್ನು ವೈದ್ಯರು ನಮ್ಮೆದುರು ಬಿಡಿಸಿ ಹೇಳಿದರು. ಅನ್ನನಾಳ ಆಮ್ಲದಲ್ಲಿ ನೆನೆದದ್ದು ದಿನದ ನೂರಕ್ಕೆ ಎರಡು ಪಾಲು ಹೊತ್ತು, ನಾಲ್ಕರೊಳಗಿದ್ದರೆ ಮಾಮೂಲಿ. ರಸ ಮೇಲೇರಿದ್ದು 68 ಸಲ. ನಲವತ್ತರ ಕೆಳಗೆ ಸಹಜ, ಎಂಬತ್ತರ ಮೇಲೆ ಕಾಯಿಲೆ, ಇದು ನಡುವಿನದು. ಅವುಗಳಲ್ಲಿ ಹೆಚ್ಚಿನವು ಅಷ್ಟೇನೂ ಹುಳಿಯಿಲ್ಲದ ರಸ. ಮಾತ್ರೆ ಯಾಕೆ ಸೋತಿತು ಎಂಬುದಕ್ಕೆ ಉತ್ತರ ಇಲ್ಲೇ ಇತ್ತು. ಮಾತ್ರೆ ರಸದ ಹುಳಿಯನ್ನು ತಗ್ಗಿಸುತ್ತದೆ, ರಸ ಮೇಲೇರುವುದನ್ನು ತಡೆಯುವುದಿಲ್ಲ.

ಯಾವ ಹೊತ್ತಿನಲ್ಲಿ ಏರಿತು ಎಂಬುದು ಇನ್ನೂ ಸ್ಪಷ್ಟವಾಗಿತ್ತು. ಗೆರೆಗಳು ದಟ್ಟವಾಗಿದ್ದದ್ದು ರಾತ್ರಿ ಹತ್ತೂಕಾಲರಿಂದ ಹನ್ನೊಂದೂಮುಕ್ಕಾಲರವರೆಗೆ. ಅಣ್ಣ ರಾಜಾಜಿನಗರದ ಅಂಗಡಿ ಬಾಗಿಲು ಹಾಕಿ ಕೆಂಗೇರಿ ಸೇರುವುದು ಹತ್ತಕ್ಕೆ. ಅವರಿಗಾಗಿ ಕಾದು, ಜೊತೆಗೆ ಉಂಡು, ಕೊನೆಗೆ ಮಜ್ಜಿಗೆ ಅನ್ನ ಮುಗಿಸಿ, ಅತ್ತಿಗೆ ದಿವಾನದ ಮೇಲೆ ದಿಂಬಿಗೊರಗಿ ಹೊಟ್ಟೆ ಮಡಚಿಕೊಂಡು ಉತ್ತರಪತ್ರಿಕೆ ತಿದ್ದುತ್ತಿದ್ದರು. ತುಂಬಿದ ಹೊಟ್ಟೆಯನ್ನು ಒತ್ತಿ ಹಿಡಿದಂತೆ.

ಗುಂಡಿ ಒತ್ತಿದ್ದು 23 ಸಲ. ರಸ ಏರಿದ ಎರಡು ನಿಮಿಷದೊಳಗೆ ಬಂದ ಕೆಮ್ಮು ಅದರಲ್ಲಿ ಎಂಟು ಮಾತ್ರ. ಹಾಗಾದರೆ ಮಿಕ್ಕ ಹದಿನೈದು ಎಲ್ಲಿಂದ ಬಂದವು?

ವೈದ್ಯರು ಕೊಟ್ಟ ಉತ್ತರ ನನ್ನ ಮನಸ್ಸಿನಲ್ಲಿ ನಿಂತಿದೆ. ಗಂಟಲು ಕೆರೆದು ಸರಿಮಾಡಿಕೊಳ್ಳುವಾಗ ಧ್ವನಿತಂತುಗಳು ಒಂದಕ್ಕೊಂದು ಬಡಿದುಕೊಳ್ಳುತ್ತವೆ. ಬಡಿದಲ್ಲಿ ಊದಿಕೊಳ್ಳುತ್ತದೆ, ಊದಿದ್ದು ಕಫ ಕೂತಂತೆ ಭಾಸವಾಗುತ್ತದೆ, ಮತ್ತೆ "ಹ್ಹಂ". ನರಗಳೂ ಅತಿಸೂಕ್ಷ್ಮವಾಗಿ, ಎಸಿ ಗಾಳಿಗೆ, ಒಗ್ಗರಣೆಯ ಘಾಟಿಗೆ, ಎರಡು ಮಾತಿಗೆ ಕೆಮ್ಮು ಏಳುತ್ತದೆ. ನೆಗಡಿ ಶುರುಮಾಡಿದ್ದನ್ನು ಹೊಟ್ಟೆಯ ರಸ ಮುಂದುವರಿಸಿತ್ತು, ಆಮೇಲೆ ಗಂಟಲು ತನ್ನನ್ನು ತಾನೇ ಕೆರಳಿಸಿಕೊಳ್ಳುತ್ತಿತ್ತು.

ಚಿಕಿತ್ಸೆಯೂ ಅದಕ್ಕೆ ತಕ್ಕಂತೆ ಬದಲಾಯಿತು. ಪ್ಯಾಂಟೊಪ್ರಜೋಲ್ ನಿಂತಿತು. ಊಟದ ನಂತರ ಮತ್ತು ಮಲಗುವ ಮುಂಚೆ ಆಲ್ಜಿನೇಟ್ ದ್ರವ. ಕಡಲಪಾಚಿಯಿಂದ ತೆಗೆದ ಇದು ಹೊಟ್ಟೆಯಲ್ಲಿನ ಊಟದ ಮೇಲೆ ಕೆನೆಯಂತೆ ತೇಲಿ ರಸವನ್ನು ಅಡ್ಡಗಟ್ಟುತ್ತದೆ. ರಾತ್ರಿಯ ಊಟ ಎಂಟಕ್ಕೆ, ಅಣ್ಣನಿಗೆ ಮುಚ್ಚಿಟ್ಟು. ಇಪ್ಪತ್ತು ವರ್ಷದ ರೂಢಿ ಬಿಡುವುದು ಮಾತ್ರೆ ನುಂಗಿದಷ್ಟು ಸುಲಭವಾಗಿರಲಿಲ್ಲ. ಪತ್ರಿಕೆ ತಿದ್ದುವುದು ಮೇಜಿನ ಮುಂದೆ ಕುರ್ಚಿಯಲ್ಲಿ, ಮಲಗುವುದು ಎಡಮಗ್ಗುಲಿಗೆ.

ಇನ್ನರ್ಧ ಕೆಲಸ ಧ್ವನಿಚಿಕಿತ್ಸಕರದು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಇದೊಂದು ಪೂರ್ಣ ಶಾಸ್ತ್ರ. ಬೆಂಗಳೂರಿನಲ್ಲೂ ಇಂಥ ತಜ್ಞರಿದ್ದಾರೆ, ಆದರೆ ಕೆಮ್ಮಿಗೆ ಅವರ ಹತ್ತಿರ ಹೋಗಬೇಕೆಂದು ನಮಗೆ ಹೊಳೆಯುವುದಿಲ್ಲ. ಅತ್ತಿಗೆಗೆ ಅವರು ಹೇಳಿಕೊಟ್ಟದ್ದು ಇಷ್ಟು. ಕೆರೆಯಬೇಕು ಅನ್ನಿಸಿದ ಕೂಡಲೇ ಒಂದು ಗುಟುಕು ನೀರು, ನೀರಿಲ್ಲದಿದ್ದರೆ ಗಲ್ಲ ತುಸು ತಗ್ಗಿಸಿ ಜೊಲ್ಲು ನುಂಗುವುದು. ತಡೆಯಲಾಗದಿದ್ದರೆ ಸದ್ದಿಲ್ಲದೆ "ಹ" ಎಂದು ಉಸಿರು ಬಿಟ್ಟು ನುಂಗುವುದು. ತರಗತಿಗೆ ಸೊಂಟಕ್ಕೆ ಕಟ್ಟುವ ಪುಟ್ಟ ಮೈಕು. ಮೊದಲ ವಾರ ಹಾಜರಿ ಪುಸ್ತಕದ ಹಿಂದೆ ಪೆನ್ಸಿಲ್ ಗೀಟು ಹಾಕಿದಾಗ ನಲವತ್ತು ನಿಮಿಷದ ಪೀರಿಯಡ್ಡಿಗೆ 31 "ಹ್ಹಂ". ಮೂರು ತಿಂಗಳಿಗೆ ನಾಲ್ಕು. ಊಟದ ಹೊತ್ತು ಗುಣ ಮಾಡಿತೋ, ಆಲ್ಜಿನೇಟೋ, ನುಂಗುವ ಅಭ್ಯಾಸವೋ ಬಿಡಿಸಿ ಹೇಳಲು ಬರುವುದಿಲ್ಲ. ಮೂರನ್ನೂ ಒಟ್ಟಿಗೆ ಮಾಡಿದ್ದರು.

ಎಲ್ಲರಿಗೂ ಈ ನಳಿಗೆ ಬೇಕಿಲ್ಲ. ಆದರೆ ಇದನ್ನು ಓದುತ್ತಿರುವ ನಿಮ್ಮ ದನಿ ನಾಲ್ಕು ವಾರದಿಂದ ಒಡೆದೇ ಇದ್ದರೆ, ಅದರಲ್ಲೂ ಬೀಡಿ, ಸಿಗರೇಟು, ಗುಟ್ಕಾ ಅಭ್ಯಾಸವಿದ್ದರೆ, ನುಂಗಲು ಕಷ್ಟವಾಗುತ್ತಿದ್ದರೆ, ಕಫದಲ್ಲಿ ರಕ್ತ ಕಂಡರೆ, ತೂಕ ಇಳಿಯುತ್ತಿದ್ದರೆ, ಗ್ಯಾಸ್ಟ್ರಿಕ್ ಮಾತ್ರೆ ನುಂಗುತ್ತಾ ಕಾಯಬೇಡಿ. ಮೊದಲು ಧ್ವನಿಪೆಟ್ಟಿಗೆಯನ್ನು ಕ್ಯಾಮೆರಾದಲ್ಲಿ ನೋಡಿಸಿಕೊಳ್ಳಿ, ಗಂಟಲಿನ ಕ್ಯಾನ್ಸರ್ ಶುರುವಾಗುವುದೂ ಎಷ್ಟೋ ಸಲ ಒಡೆದ ದನಿಯಿಂದಲೇ. ಕೆಮ್ಮು ಎರಡು ವಾರ ದಾಟಿದ್ದರೆ ಕಫ ಪರೀಕ್ಷೆ ಮಾಡಿಸಿ, ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಅದು ಉಚಿತ.