ಫ್ರಿಜ್‌ನೊಳಗಿನ ಬಿಸಿ ಎಲ್ಲಿಗೆ ಹೋಗುತ್ತದೆ?

ಓಡುತ್ತಿರುವ ಫ್ರಿಜ್‌ನ ಪಕ್ಕಕ್ಕೋ ಬೆನ್ನಿಗೋ ಕೈಯಿಟ್ಟು ನೋಡಿ, ಬೆಚ್ಚಗಿರುತ್ತದೆ. ಹೊಸದಾಗಿ ಕೊಂಡವರು ಇದಕ್ಕೇ ಗಾಬರಿಯಾಗಿ ಅಂಗಡಿಗೆ ಫೋನ್ ಮಾಡುವುದುಂಟು. ಆ ಬಿಸಿಯಲ್ಲಿ ಮೋಟರಿನ ಪಾಲೂ ಇದೆ, ನೀವು ಒಳಗಿಟ್ಟ ಹಾಲು, ಸಾರುಗಳ ಪಾಲೂ ಇದೆ. ಫ್ರಿಜ್ ತಂಪನ್ನು ತಯಾರಿಸುವುದಿಲ್ಲ. ಒಳಗಿನ ಬಿಸಿಯನ್ನು ಹೊತ್ತು ತಂದು ಹೊರಗೆ ಚೆಲ್ಲುತ್ತದೆ, ಅಷ್ಟೆ.

ಹೊರುವ ಬಗೆ ತಿಳಿಯಲು ಇಡ್ಲಿ ಪಾತ್ರೆಯನ್ನು ನೆನೆಯಿರಿ. ಒಲೆಯ ಉರಿ ಹಿಟ್ಟಿಗೆ ತಾಗುವುದೇ ಇಲ್ಲ. ತಳದ ನೀರು ಉರಿಯಿಂದ ಶಾಖ ಹೀರಿ ಆವಿಯಾಗುತ್ತದೆ. ಆವಿ ಮೇಲೇರಿ ತಣ್ಣನೆಯ ತಟ್ಟೆಗೆ ತಾಗಿ ಮತ್ತೆ ಹನಿಯಾಗುತ್ತದೆ; ಹನಿಯಾಗುವಾಗ ತಾನು ಹೀರಿದ್ದ ಶಾಖವನ್ನು ಅಲ್ಲಿ ಬಿಟ್ಟುಕೊಡುತ್ತದೆ. ಇಡ್ಲಿ ಬೇಯುವುದು ಆ ಶಾಖದಿಂದ. ಹನಿ ತಳಕ್ಕೆ ಬಿದ್ದು ಮತ್ತೆ ಕುದಿಯುತ್ತದೆ. ಕುದಿಯುವಲ್ಲಿ ಶಾಖ ಹೀರುವುದು, ಹನಿಗಟ್ಟುವಲ್ಲಿ ಬಿಡುವುದು: ಫ್ರಿಜ್‌ನ ಕೆಲಸವೂ ಇದೇ. ಆದರೆ ಅಲ್ಲಿ ಕುದಿಯುವುದು ನೀರಲ್ಲ. ಇಂದಿನ ಮನೆ ಫ್ರಿಜ್‌ಗಳಲ್ಲಿ ಹೆಚ್ಚಾಗಿ ಐಸೊಬ್ಯೂಟೇನ್ ಎಂಬ ಅನಿಲವಿರುತ್ತದೆ. ಫಲಕದ ಮೇಲೆ R600a ಎಂದು ಬರೆದಿರುತ್ತದೆ. ನಮ್ಮ ಸುತ್ತಲಿನ ಗಾಳಿಯ ಒತ್ತಡದಲ್ಲಿ ಇದು ಮೈನಸ್ 12 ಡಿಗ್ರಿ ಸೆಲ್ಸಿಯಸ್ ಸುಮಾರಿಗೇ ಕುದಿಯುತ್ತದೆ. ಅದಕ್ಕೆ ತಣ್ಣನೆಯ ಹಾಲೂ ಉರಿಯುವ ಒಲೆಯೇ.

ಈಗ ಚಿತ್ರ ನೋಡಿ. ಒಂಟಿ ಬಾಗಿಲಿನ ಫ್ರಿಜ್ಜನ್ನು ಮೇಲಿಂದ ಕೆಳಗೆ ಸೀಳಿ ತೋರಿಸಿದೆ. ತಣ್ಣಗಿರುವಲ್ಲಿ ನೀಲಿ, ಬಿಸಿಯಾಗಿರುವಲ್ಲಿ ಕೆಂಪು ಬಣ್ಣದಲ್ಲಿರುವುದು ಒಂದೇ ಕೊಳವೆ. ಅದಕ್ಕೆ ತುದಿಯೂ ಇಲ್ಲ, ಮೊದಲೂ ಇಲ್ಲ. ಮೇಲಿನ ಫ್ರೀಜರ್ ಡಬ್ಬಿಯ ನೀಲಿ ಸುರುಳಿಯ ಮೇಲೆ ಬೆರಳಿಡಿ. ದ್ರವ ಇಲ್ಲಿ ಕುದಿದು ಆವಿಯಾಗುತ್ತ ಡಬ್ಬಿಯ ಶಾಖ ಹೀರುತ್ತದೆ. ಅಲ್ಲಿ ತಣಿದ ಗಾಳಿ ಭಾರವಾಗಿ ಕೆಳಗಿನ ಅರೆಗಳಿಗೆ ಇಳಿಯುತ್ತದೆ. ಬೆರಳನ್ನು ಕೆಳಗೆ ಜಾರಿಸಿದರೆ ಬೆನ್ನಿನ ಬುಡದಲ್ಲಿ ಕಪ್ಪು ಗುಂಡು ಸಿಗುತ್ತದೆ. ಅದು ಕಂಪ್ರೆಸರ್, ಗುಂಯ್‌ಗುಡುವುದು ಅದೇ. ಆವಿಯನ್ನು ಹೀರಿ ಒತ್ತುವುದು ಅದರ ಕೆಲಸ.

ಒತ್ತುವುದು ಯಾಕೆ? ಒಳಗೆ ಹೀರಿದ ಶಾಖವನ್ನು 30 ಡಿಗ್ರಿಯ ಅಡುಗೆಮನೆಗೆ ಬಿಡಬೇಕಾದರೆ ಆವಿ ಅದಕ್ಕಿಂತ ಬಿಸಿಯಾಗಿರಬೇಕು. ಒತ್ತಿದ ಆವಿ ಬಿಸಿಯೇರುತ್ತದೆ, ಜೊತೆಗೆ ಹೆಚ್ಚು ಬಿಸಿಯಲ್ಲಿದ್ದರೂ ಹನಿಗಟ್ಟಬಲ್ಲದು. ಹಿಂಬದಿಯ ಕೆಂಪು ಸುರುಳಿಯಲ್ಲಿ ನಡೆಯುವುದು ಅದೇ, ನಿಮ್ಮ ಕೈಗೆ ತಾಗಿದ ಬಿಸಿ ಅಲ್ಲಿಯದು. ಕೆಲವು ಮಾದರಿಗಳಲ್ಲಿ ಸುರುಳಿ ಪಕ್ಕದ ತಗಡಿನೊಳಗೆ ಅಡಗಿರುತ್ತದೆ. ದ್ರವವಾದದ್ದು ಕೂದಲೆಳೆಯಂಥ ಸಣ್ಣ ಕೊಳವೆಯಲ್ಲಿ ನುಸುಳಿ ಮತ್ತೆ ಫ್ರೀಜರಿಗೆ ಬರುತ್ತದೆ. ಅಲ್ಲಿ ಒತ್ತಡ ಕುಸಿದು ಮತ್ತೆ ಕುದಿಯತೊಡಗುತ್ತದೆ.

ಒಂದು ಲೀಟರ್ ಹಾಲಿನ ಲೆಕ್ಕ ಹಾಕೋಣ. 30 ಡಿಗ್ರಿಯಿಂದ 5ಕ್ಕೆ ಇಳಿಸಲು ಸುಮಾರು 100 ಕಿಲೋಜೂಲ್ ಶಾಖ ಹೊರಹೋಗಬೇಕು. ಅಷ್ಟನ್ನು ಹೀರಲು 300 ಗ್ರಾಂನಷ್ಟಾದರೂ ದ್ರವ ಕುದಿಯಬೇಕು. ಚಿಕ್ಕ ಫ್ರಿಜ್ಜಿನ ಕೊಳವೆಯಲ್ಲಿ ಇರುವುದು ಕೆಲವೇ ಹತ್ತು ಗ್ರಾಂ! ಅದೇ ಅನಿಲ ಮತ್ತೆ ಮತ್ತೆ ಸುತ್ತಿ ಇಷ್ಟೆಲ್ಲ ಹೊರುತ್ತದೆ. ಹಾಲನ್ನು ಕಾಯಿಸಿ 80 ಡಿಗ್ರಿಯಲ್ಲೇ ಒಳಗಿಟ್ಟರೆ ಹೊರೆ ಮೂರು ಪಟ್ಟು. ಮೇಲಾಗಿ ಅದರ ಹಬೆ ಫ್ರೀಜರಿಗೆ ಹಿಮವಾಗಿ ಅಂಟುತ್ತದೆ.

ಹಿಮ ಕಂಡರೆ ಚೆನ್ನಾಗಿ ತಣಿಯುತ್ತಿದೆ ಎಂದುಕೊಳ್ಳುವವರೇ ಹೆಚ್ಚು. ನಿಜವೆಂದರೆ ದಪ್ಪ ಹಿಮ ಸುರುಳಿಗೆ ಹೊದಿಸಿದಂತಾಗಿ ಒಳಗಿನ ಶಾಖ ಅದನ್ನು ತಲುಪದಂತೆ ತಡೆಯುತ್ತದೆ. ಕಂಪ್ರೆಸರ್ ಓಡುತ್ತಲೇ ಇರುತ್ತದೆ. ಅರ್ಧ ಸೆಂಟಿಮೀಟರ್ ಕಟ್ಟಿದರೆ ಕರಗಿಸಿ, ಆದರೆ ಚಾಕು ಮುಟ್ಟಬೇಡಿ. ತೆಳುವಾದ ಸುರುಳಿ ತೂತಾದರೆ ಸೋರುವುದು ಬೆಂಕಿ ಹಿಡಿಯುವ ಅನಿಲ.

ಬೇಸಿಗೆಯಲ್ಲಿ ಫ್ರಿಜ್ ಬಾಗಿಲು ತೆರೆದಿಟ್ಟು ಕೋಣೆ ತಣಿಸುವ ಆಸೆ ಮಕ್ಕಳಿಗೆ ಬಂದೇ ಬರುತ್ತದೆ. ಮುಂದಿನಿಂದ ಹೀರಿದ ಶಾಖದ ಜೊತೆಗೆ ಮೋಟರ್ ತಿಂದ ವಿದ್ಯುತ್ತೂ ಬಿಸಿಯಾಗಿ ಹಿಂದಿನಿಂದ ಬರುವುದರಿಂದ ಕೋಣೆ ಇನ್ನಷ್ಟು ಕಾಯುತ್ತದೆ.

ಇನ್ನು ರಿಪೇರಿಯ ಮಾತು. ಮೋಟರ್ ನಿಲ್ಲದೆ ಓಡುತ್ತಿದೆ, ಹಿಂದಿನ ಸುರುಳಿ ಬಿಸಿಯಾಗುತ್ತಿಲ್ಲ, ಹಿಮ ಫ್ರೀಜರಿನ ಒಂದು ಮೂಲೆಗಷ್ಟೇ ಕಟ್ಟುತ್ತಿದೆ ಎಂದಾದರೆ ಅನಿಲ ಕಡಿಮೆಯಾಗಿರುವ ಸಂಭವ ಹೆಚ್ಚು. ಮೆಕ್ಯಾನಿಕ್ ಬಂದು "ಗ್ಯಾಸ್ ಖಾಲಿಯಾಗಿದೆ ಸಾರ್, ತುಂಬಿಸಿದರೆ ಸರಿ" ಎನ್ನುತ್ತಾನೆ. ಮುಚ್ಚಿದ ಕೊಳವೆಯಲ್ಲಿ ಸುತ್ತುವ ಅನಿಲ ಖರ್ಚಾಗುವಂಥದ್ದಲ್ಲ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ. ಸೋರಿದ್ದೆಲ್ಲಿ ಎಂದು ತೋರಿಸಿ, ಅದನ್ನು ಮುಚ್ಚಿದ ಮೇಲೇ ಗ್ಯಾಸ್ ತುಂಬಿಸಲು ಒಪ್ಪಿಕೊಳ್ಳಿ.